ಬಲಗಿವಿಯ ಹಿಂದಿನ ಚುಕ್ಕೆ

ಬನಹಟ್ಟಿಯಲ್ಲಿ ಶೇವಂತಿಯ ಬ್ಯೂಟಿ ಪಾರ್ಲರಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಅದೂ ಎಂಥ ತೆಳು ಗೋಡೆಯೆಂದರೆ, ಆ ಕಡೆ ಹುಬ್ಬು ತೆಗೆಸಿಕೊಳ್ಳುವ ಹುಡುಗಿ "ಸ್" ಎಂದರೆ ಈ ಕಡೆ ನನ್ನ ಕಣ್ಣಲ್ಲಿ ನೀರು ಬರುತ್ತದೆ. ನಮ್ಮೂರಲ್ಲಿ ಓಣಿ ಓಣಿಗೂ ಪವರ್‌ಲೂಮು. ಆ ಸದ್ದಿನ ಮೇಲೆ ಕೇಳಿಸಬೇಕೆಂದು ಜನ ಗುಟ್ಟನ್ನೂ ಗಟ್ಟಿಯಾಗಿಯೇ ಹೇಳುತ್ತಾರೆ. ಹಾಗಾಗಿ ಕದ್ದು ಕೇಳಿದ ಪಾಪ ನನಗೆ ತಟ್ಟುವುದಿಲ್ಲ.

ಶೇವಂತಿ ಬೀಳಗಿಯ ಹೆಣ್ಣು. ನೇಕಾರ ಮುರಗೆಪ್ಪನನ್ನು ಕಟ್ಟಿಕೊಂಡು ಇಲ್ಲಿಗೆ ಬಂದಳು. ಕೆಲವು ವರ್ಷ ಅತ್ತೆಯ ಜೊತೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದಳು, ಬೇಸರವಾಯಿತು, ಜಮಖಂಡಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಪಾರ್ಲರ್ ಕೆಲಸ ಕಲಿತಳು. ಕೈ ಚೊಕ್ಕ, ನಾಲಿಗೆ ಮೆತ್ತಗೆ, ಎಲ್ಲ ಸರಿ. ಆದರೆ ಹೆದರುಪುಕ್ಕಲಿ. ಮೋಡ ಕಂಡರೆ ಕರೆಂಟು ಹೋದೀತೆಂದು ಹೆದರುವಳು, ಗಿರಾಕಿ ಬಾರದಿದ್ದರೆ ಅಂಗಡಿ ಮುಚ್ಚೀತೆಂದು ಹೆದರುವಳು, ಬಂದರೆ ಅವರ ತಲೆಗೆ ಏನಾದೀತೋ ಎಂದು ಹೆದರುವಳು. ಕೂದಲಿಗೆ ಬಣ್ಣ ಹಚ್ಚಬೇಕೆಂದು ಬಂದವರನ್ನು ಅವತ್ತೇ ಕೂರಿಸಿದ್ದನ್ನು ನಾನು ಕಂಡಿಲ್ಲ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ, ಎರಡು ದಿನ ಬಿಟ್ಟು ಬನ್ನಿರಿ ಎಂದು ಕಳಿಸಿಬಿಡುತ್ತಾಳೆ. ಅರ್ಧ ಜನ ಹಾಗೇ ಬೇರೆ ಪಾರ್ಲರಿಗೆ ಹೋಗುತ್ತಾರೆ. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಕಿವಿ ಹಿಡಿದು ಹೊರಗೆ ಹಾಕುತ್ತೀಯಲ್ಲೇ ಎಂದು ನಾನು ಬೈದದ್ದುಂಟು.

ಅವಳ ಹೆದರಿಕೆಗೆ ಬುಡವಿಲ್ಲದೆ ಇಲ್ಲ. ಕೆಲಸ ಕಲಿತ ಹೊಸದರಲ್ಲಿ ಬರಿಗೈಯಲ್ಲೇ ಡೈ ಕಲಸಿ ಹಚ್ಚುತ್ತಿದ್ದಳು. ಬೆರಳ ಸಂದಿಯಲ್ಲಿ ತುರಿಕೆ ಶುರುವಾಯಿತು, ಚರ್ಮ ಒಡೆಯಿತು, ರೊಟ್ಟಿ ತಟ್ಟಲೂ ಆಗದ ಸ್ಥಿತಿ ಬಂತು. ಮನೆಯವರೆಲ್ಲ ಬಟ್ಟೆ ಸಾಬೂನಿನ ಮೇಲೆ ತಪ್ಪು ಹೊರಿಸಿದರು. ಕಡೆಗೆ ಜಮಖಂಡಿಯ ಚರ್ಮದ ಡಾಕ್ಟರು ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ, ಸಾಬೂನಲ್ಲ, ಕೂದಲನ್ನು ಕಪ್ಪು ಮಾಡುವ ಆ ಕೆಮಿಕಲ್ಲೇ ನಿನಗೆ ಆಗುವುದಿಲ್ಲ ಎಂದರು. ಮೈ ಒಮ್ಮೆ ಅದರ ಮೇಲೆ ಸಿಟ್ಟಾದರೆ ಸಾಯುವವರೆಗೂ ಮರೆಯುವುದಿಲ್ಲವಂತೆ, ಮುಟ್ಟಿದಾಗೆಲ್ಲ ಮೊದಲಿಗಿಂತ ಜೋರಾಗಿ ಹೊಡೆಯಬಹುದಂತೆ. ಅವತ್ತಿನಿಂದ ಶೇವಂತಿ ಕೈಗವಸು ಇಲ್ಲದೆ ಬಟ್ಟಲು ಮುಟ್ಟುವುದಿಲ್ಲ. ಈಗಲೂ ಅವಳ ಬೆರಳ ತುದಿಗಳು ಒರಟು.

ಅವಳ ತಲೆಯ ಕಥೆ ಗೊತ್ತಿರುವುದು ನನಗೊಬ್ಬಳಿಗೇ. ನಲವತ್ತಕ್ಕೆ ಮೊದಲೇ ಅರ್ಧ ತಲೆ ಬೆಳ್ಳಗಾಗಿದೆ. ಪಾರ್ಲರ್ ನಡೆಸುವವಳ ತಲೆಯೇ ಬೆಳ್ಳಗಿದ್ದರೆ ಯಾರು ನಂಬುತ್ತಾರೆ? ಡೈ ಹಾಕುವಂತಿಲ್ಲ. ಹಾಗಾಗಿ ಸೆಮಿ ಪರ್ಮನೆಂಟ್ ಎನ್ನುವ ಬಣ್ಣ ಹಚ್ಚಿಕೊಳ್ಳುತ್ತಾಳೆ. ಅದರಲ್ಲಿ ಎರಡು ಟ್ಯೂಬು ಕೂಡಿಸಿ ಕಲಸುವ ರಗಳೆ ಇಲ್ಲ, ಒಂದೇ ಟ್ಯೂಬು, ಕೂದಲಿನ ಮೇಲ್ಮೇಲೆ ಕೂರುವ ಬಣ್ಣ. ಅದನ್ನೂ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಡಾಕ್ಟರಿಗೆ ತೋರಿಸಿ, ಮೊಳಕೈಗೆ ಹಚ್ಚಿ ನೋಡಿದ ಮೇಲೆಯೇ ತಲೆಗೆ ತಂದಳು. ಬಿಳಿಯನ್ನು ಪೂರಾ ಮುಚ್ಚುವುದಿಲ್ಲ, ಹೊಗೆ ಹಿಡಿದ ಕಂದು ಬಣ್ಣ ಕೊಡುತ್ತದೆ. ನಾಲ್ಕಾರು ಸಲ ತಲೆಗೆ ಎರೆದುಕೊಂಡರೆ ಮಾಸುತ್ತದೆ. ಬೆವತರೆ ಸೆರಗಿಗೆ ಇಳಿಯುತ್ತದೆ. ಶೇವಂತಿ ಬೇಸಿಗೆಯಲ್ಲೂ ದಟ್ಟ ಬಣ್ಣದ ಸೀರೆಯನ್ನೇ ಉಡುವುದು ಯಾಕೆಂದು ಊರು ಕೇಳಿಲ್ಲ, ನಾನೂ ಹೇಳಿಲ್ಲ.

ಇಂಥವಳ ಬಾಗಿಲಿಗೆ ಒಂದು ಬುಧವಾರ ಸಂಜೆ ರಬಕವಿಯಿಂದ ತಂಗೆವ್ವ ಬಂದಳು. ಬಸಗೊಂಡಪ್ಪ ಗೌಡರ ಹೆಂಡತಿ, ಅರವತ್ತರ ಹತ್ತಿರದ ಹೆಂಗಸು. ಬರುವ ರವಿವಾರ ಅವಳ ಒಬ್ಬಳೇ ಮಗಳು ಕಾವ್ಯಳ ಮದುವೆ. ಮದುವೆ ಜಂಪರುಗಳೆಲ್ಲ ನನ್ನ ಹತ್ತಿರವೇ ಹೊಲಿಗೆಗೆ ಬಿದ್ದಿದ್ದವು, ಅದಕ್ಕೆ ನನಗೆ ಗುರುತು. ತಲೆ ಅಚ್ಚ ಬೆಳ್ಳಗೆ, ನೆತ್ತಿಯಿಂದ ತುದಿಯವರೆಗೂ ಹಿಂಜಿದ ಹತ್ತಿ. ಚೀಲದಿಂದ ಒಂದು ಡಬ್ಬಿ ತೆಗೆದು, ಇದನ್ನು ಹಚ್ಚು ಎಂದಳು. ಕಾವ್ಯ ಜಮಖಂಡಿಯಿಂದ ತಂದದ್ದು, ಅಮೋನಿಯಾ ಇಲ್ಲದ್ದು, ಏನೂ ಆಗುವುದಿಲ್ಲವಂತೆ.

ಶೇವಂತಿ ನೂರು ಸಲ ಹೇಳಿದ ಪಾಠವನ್ನೇ ಮತ್ತೆ ಹೇಳಿದಳು. ಅಮೋನಿಯಾ ಎಂದರೆ ಆ ಮೂಗು ಕಟ್ಟುವ ವಾಸನೆ, ಬಣ್ಣ ಒಳಗೆ ಹೋಗಲೆಂದು ಕೂದಲನ್ನು ಬಿಡಿಸುವ ಮದ್ದು. ಅದು ಇಲ್ಲದಿದ್ದರೆ ವಾಸನೆ ಕಡಿಮೆ, ಕಣ್ಣುರಿ ಕಡಿಮೆ, ಅಷ್ಟೇ. ಅದರ ಬದಲು ಬೇರೊಂದನ್ನು ಹಾಕಿರುತ್ತಾರೆ. ಮೈಗೆ ಆಗದೆ ಇರುವುದು ಕಪ್ಪು ಮಾಡುವ ಕೆಮಿಕಲ್ಲು, ಅದು ಈ ಡಬ್ಬಿಯಲ್ಲೂ ಇದೆ. ಅದಿರುವುದರಿಂದಲೇ ಬಿಳಿ ಕೂದಲು ಒಂದೂ ಬಿಡದೆ ಮುಚ್ಚುತ್ತದೆ. ಹಿಂದೆ ಯಾವತ್ತಾದರೂ ಬಣ್ಣ ಹಚ್ಚಿ ತುರಿಕೆ, ಬಾವು ಬಂದಿತ್ತೇ ಎಂದು ಕೇಳಿದಳು. ಇಲ್ಲ ಎಂದಳು ತಂಗೆವ್ವ. ಸರಿ, ಎರಡೂ ಟ್ಯೂಬಿನಿಂದ ಚೂರೇ ಚೂರು ಕಲಸಿ ಬಲಗಿವಿಯ ಹಿಂದೆ ಚುಕ್ಕೆ ಇಟ್ಟಳು. ಶುಕ್ರವಾರ ಸಂಜೆಯವರೆಗೆ ಅಲ್ಲಿ ನೀರು, ಎಣ್ಣೆ ಏನೂ ಸೋಕಬಾರದು. ಅರಿಶಿನ ಯಾವಾಗ ಎಂದು ಮರೆಯದೆ ಕೇಳಿದಳು. ಶನಿವಾರ ಎಂದಳು ತಂಗೆವ್ವ.

ಎದ್ದು ಹೋಗುವಾಗ ಜಂಪರ್ ಕೇಳಲು ನನ್ನ ಅಂಗಡಿಗೆ ಬಂದವಳು, ಬಾಗಿಲಲ್ಲೇ ನಿಂತು ಹೊಟ್ಟೆಯ ಮಾತು ಆಡಿದಳು. ಅವಳಿಗೆ ಕಾವ್ಯ ಹುಟ್ಟಿದ್ದು ಮದುವೆಯಾಗಿ ಹದಿನಾರು ವರ್ಷದ ಮೇಲೆ. ಹೊರದ ಹರಕೆಯಿಲ್ಲ, ಕೇಳದ ಮಾತಿಲ್ಲ. ನಿಶ್ಚಯದ ದಿನ ಉಡಿ ತುಂಬುವಾಗ ಮಗಳ ಪಕ್ಕದಲ್ಲಿ ಕೂತಿದ್ದಳಂತೆ. ಅವತ್ತೇ ಮೊದಲ ಸಲ ಬಂದಿದ್ದ ಮುಧೋಳದ ಬೀಗತಿ ಇವಳ ಮುಖ ನೋಡಿ, "ಅಜ್ಜೀನ್ನ ಕುಂಡ್ರಸೀರಲ್ಲ, ಹುಡಿಗಿ ಅವ್ವ ಎಲ್ಲದಾರ್ರಿ?" ಎಂದು ಕೇಳಿದಳಂತೆ. ಕೆಟ್ಟ ಮನಸ್ಸಿನಿಂದಲ್ಲ, ತಿಳಿಯದೆ. ಆದರೆ ಚಪ್ಪರದ ತುಂಬ ನಗೆ ಹರಿಯಿತು, ಕಾವ್ಯ ತಲೆ ತಗ್ಗಿಸಿದಳು. ಮಗಳು ತಲೆ ತಗ್ಗಿಸಿದ್ದು ಈ ತಾಯಿಗೆ ಚುಚ್ಚಿತ್ತು. ಮದುವೆಯ ದಿನ ಮಾತ್ರ ಯಾರೂ ಆ ಮಾತು ಕೇಳಬಾರದು ಎಂದು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಶುಕ್ರವಾರ ಸಂಜೆ ತಂಗೆವ್ವ ಬಂದಾಗ ಅವಳನ್ನು ನೋಡಿ ಶೇವಂತಿಯ ಮುಖ ಇಳಿಯಿತು. ಹೆಂಗಸು ಹಳದಿಯಲ್ಲಿ ಮುಳುಗಿ ಎದ್ದಂತಿದ್ದಳು. ಶನಿವಾರ ಬೇಡವೆಂದು ಹಿರಿಯರು ಅರಿಶಿನವನ್ನು ಒಂದು ದಿನ ಮುಂಚೆ ತಂದಿದ್ದರು. ನಮ್ಮ ಕಡೆ ಅರಿಶಿನ ಹಚ್ಚುವುದೆಂದರೆ ಮದುಮಗಳಿಗಷ್ಟೇ ಅಲ್ಲ, ತಾಯಿಯನ್ನೂ ಹಿಡಿದು ಕೂರಿಸಿ, ಕೆನ್ನೆ, ಕುತ್ತಿಗೆ, ಕಿವಿ ಎನ್ನದೆ ಬಳಿಯುತ್ತಾರೆ. ಕಿವಿಯ ಹಿಂದೆ ಡೈಯ ಕಂದು ಕಲೆ, ಅದರ ಮೇಲೆ ಅರಿಶಿನದ ಬಳಿತ. ಕೆಂಪಾಗಿದೆಯೋ ಇಲ್ಲವೋ ದೇವರಿಗೇ ಗೊತ್ತು. ಜೊತೆಗೆ ಬಂದಿದ್ದ ನಾದಿನಿ ಅನಸವ್ವ, ಗಂಡನ ತಂಗಿ, ಕುರ್ಚಿಯಲ್ಲಿ ಕೂತು, ಬೇಗ ಮುಗಿಸು, ಮನೆಯಲ್ಲಿ ಬಂದವರಿಗೆ ಚಹ ಕೊಡುವವರಿಲ್ಲ ಎಂದು ಅವಸರ ಮಾಡಿದಳು.

ತುರಿಕೆ ಇದೆಯೇ ಎಂದು ಕೇಳಿದಳು ಶೇವಂತಿ. ಇದೆ, ಮಧ್ಯಾಹ್ನದಿಂದ ಇದೆ, ಅರಿಶಿನಕ್ಕೆ ತುರಿಸುತ್ತಿದೆ ಎಂದಳು ತಂಗೆವ್ವ, ಸಹಜವಾಗಿ. ಯಾವ ಮದುವೆಯಲ್ಲಿ ಅರಿಶಿನಕ್ಕೆ ತುರಿಸುವುದಿಲ್ಲ ಎಂದಳು ಅನಸವ್ವ. ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ನನಗೂ ಅದು ಸರಿಯೆನಿಸಿತು. ಶೇವಂತಿ ಮಾತ್ರ ಕಡಲೆ ಹಿಟ್ಟು ಹಚ್ಚಿ ಮೆಲ್ಲಗೆ ಒರೆಸಿದಳು. ಹಳದಿ ಬಿಡಲಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ನೋಡಿದಳು, ಮೊಬೈಲಿನ ಬೆಳಕು ಹಿಡಿದು ನೋಡಿದಳು. ಆಮೇಲೆ ಎಡಗಿವಿಯ ಹಿಂದೆ ನೋಡಿದಳು. ಅಲ್ಲೂ ಅಷ್ಟೇ ಅರಿಶಿನ.

"ಈ ಕಡೆ ತುರಸತೈತೇನ್ರಿ ಅಕ್ಕಾರ?" ಎಂದಳು.

"ಇಲ್ಲವ್ವ. ಆ ಕಡೆನ."

ಶೇವಂತಿಯ ಒರಟು ಬೆರಳು ಮತ್ತೆ ಬಲಗಿವಿಯ ಹಿಂದಕ್ಕೆ ಹೋಯಿತು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಸೊಳ್ಳೆ ಕಚ್ಚಿದಷ್ಟು ಉಬ್ಬು, ಮುಟ್ಟಿದರೆ ಬಿಸಿ. ನನ್ನನ್ನೂ ಕರೆದು ಮುಟ್ಟಿಸಿದಳು. ನನಗೆ ಹೌದೋ ಅಲ್ಲವೋ ತಿಳಿಯಲಿಲ್ಲ. ಅವಳ ಮುಖ ನೋಡಿದರೆ ಅವಳಿಗೂ ಪೂರಾ ಧೈರ್ಯವಿದ್ದಂತೆ ಕಾಣಲಿಲ್ಲ. ಹಚ್ಚದೆ ಕಳಿಸಿ, ನಾಳೆ ಅದು ಬರೀ ಅರಿಶಿನವೇ ಆಗಿದ್ದರೆ? ಗೌಡರ ಮನೆಯ ಮದುವೆ ಕೆಡಿಸಿದವಳು ಎಂದು ರಬಕವಿ ಬನಹಟ್ಟಿ ಎರಡೂ ಮಾತಾಡುತ್ತವೆ. ಹಚ್ಚಿ, ಅದು ಅರಿಶಿನವಲ್ಲದಿದ್ದರೆ? ರವಿವಾರ ಬೆಳಿಗ್ಗೆ ಮದುಮಗಳ ತಾಯಿ ರೆಪ್ಪೆ ಬಿಡಿಸಲಾಗದೆ, ತಲೆಯೆಲ್ಲ ನೀರೊಡೆದು ಆಸ್ಪತ್ರೆಯಲ್ಲಿರುತ್ತಾಳೆ. ಉಸಿರಿಗೆ ಬಂದರಂತೂ ಮಾತೇ ಬೇಡ.

"ನಾ ಹಚ್ಚೂದಿಲ್ರಿ," ಎಂದಳು. ಡಬ್ಬಿಯನ್ನು ತಂಗೆವ್ವನ ಕಡೆ ಸರಿಸಿದಳು.

ಅನಸವ್ವ ಎದ್ದು ನಿಂತು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕೈಲಾಗದವರು ಅಂಗಡಿ ಯಾಕೆ ತೆಗೆಯಬೇಕು ಎನ್ನುವುದು ಅದರಲ್ಲಿ ಎಲ್ಲಕ್ಕಿಂತ ಮೆತ್ತನೆಯದು. ತಂಗೆವ್ವ ಬೈಯಲಿಲ್ಲ. ಸೆಮಿ ಪರ್ಮನೆಂಟಾದರೂ ಹಚ್ಚು ಎಂದು ಬೇಡಿಕೊಂಡಳು. ಅದಕ್ಕೂ ಎರಡು ದಿನ ಪರೀಕ್ಷೆ ಬೇಕು, ಈ ಡೈ ಆಗದವರಿಗೆ ಕೆಲವೊಮ್ಮೆ ಅದೂ ಆಗುವುದಿಲ್ಲ, ಮೇಲಾಗಿ ಅಚ್ಚ ಬಿಳಿ ತಲೆಯ ಮೇಲೆ ಅದು ಕಪ್ಪಾಗಿ ಕೂರುವುದಿಲ್ಲ ಎಂದಳು ಶೇವಂತಿ. ಹಾಗಾದರೆ ಮೊದಲಿನಂತೆ ಕಪ್ಪು ಮೆಹಂದಿ ಹಚ್ಚಿಕೊಳ್ಳುತ್ತೇನೆ ಎಂದಳು ತಂಗೆವ್ವ. ಶೇವಂತಿಯ ಕೈ ಅಲ್ಲೇ ನಿಂತಿತು. ಮೊದಲೆಂದರೆ ಯಾವಾಗ?

ಆಗ ಹೊರಬಿತ್ತು. ಕೆಲವು ವರ್ಷದ ಕೆಳಗೆ ತವರಿನಲ್ಲಿ, ಚಿಕ್ಕಪಡಸಲಗಿಯಲ್ಲಿ, ತಮ್ಮನ ಮನೆಯ ವಾಸ್ತುಶಾಂತಿ. ಯಾರೋ ಕಪ್ಪು ಮೆಹಂದಿಯ ಪಾಕೀಟು ತಂದು ಹಚ್ಚಿದ್ದರು. ಮೂರನೆಯ ದಿನ ಕಣ್ಣು ಬಾತು ಮುಚ್ಚಿದವು, ಹಣೆಯಂಚಿಗೆ ನೀರುಗುಳ್ಳೆ ಎದ್ದವು. ಕಪ್ಪು ಕೂದಲು ಕಂಡು ಯಾರದೋ ದೃಷ್ಟಿ ತಾಗಿದೆ ಎಂದು ಅವ್ವ ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು. ವಾರದಲ್ಲಿ ಇಳಿಯಿತು. ಶೇವಂತಿ ಕೇಳಿದ್ದು ಬಣ್ಣದ ಮಾತು, ಇದು ದೃಷ್ಟಿಯ ಮಾತು, ಅದಕ್ಕೆ ಇಲ್ಲ ಎಂದಿದ್ದಳು. ಸುಳ್ಳು ಹೇಳಿರಲಿಲ್ಲ ಪಾಪ. ಅರ್ಧ ತಾಸಿನಲ್ಲಿ ಕಪ್ಪು ಮಾಡುವ ಮೆಹಂದಿಯಲ್ಲಿ ಎಲೆಗಿಂತ ಆ ಕೆಮಿಕಲ್ಲೇ ಮುಖ್ಯ, ಬರೀ ಮದರಂಗಿ ಎಲೆ ಎಂದೂ ಕಪ್ಪಾಗುವುದಿಲ್ಲ ಎಂದು ಶೇವಂತಿ ಎಷ್ಟು ಹೇಳಿದರೂ ಅನಸವ್ವನಿಗೆ ಕೇಳುವ ತಾಳ್ಮೆ ಇರಲಿಲ್ಲ. ಅತ್ತಿಗೆಯ ರಟ್ಟೆ ಹಿಡಿದು ಎಬ್ಬಿಸಿ, ಆಟೋ ಹತ್ತಿಸಿದಳು.

ಅವರು ಹೋದ ಮೇಲೆ ಶೇವಂತಿ ಕನ್ನಡಿಯ ಮುಂದೆ ಒರೆಸಿದ್ದನ್ನೇ ಒರೆಸುತ್ತ ನಿಂತಳು. ಒಮ್ಮೆಲೇ ನನ್ನ ಕಡೆ ತಿರುಗಿದಳು.

"ಪೂರ್ಣಿಮಕ್ಕ, ಡಬ್ಬಿ ಅವರ ಚೀಲದಾಗ ಐತಿ."

ಆ ಅನಸವ್ವ ಮನೆಗೆ ಹೋಗಿ ತಾನೇ ಕಲಸಿ ಹಚ್ಚದೆ ಬಿಡುವವಳಲ್ಲ. ಫೋನ್ ಹಚ್ಚಿದೆವು. ಮದುವೆ ಮನೆಯಲ್ಲಿ ಫೋನು ಯಾವ ಹಾಸಿಗೆಯ ಕೆಳಗೆ ಬಿದ್ದಿತ್ತೋ, ಯಾರೂ ಎತ್ತಲಿಲ್ಲ. ಕಾವ್ಯಳ ಫೋನಿಗೆ ಹಚ್ಚಿದೆವು, ಅವಳ ಕೈಗೆ ಮದರಂಗಿ ಹಾಕುತ್ತಿದ್ದಾರೆಂದು ಯಾರೋ ಹೇಳಿ, ನಮ್ಮ ಮಾತು ಕೇಳದೆ ಇಟ್ಟರು. ಮುರಗೆಪ್ಪ ಬಂದು ಹೆಂಡತಿಯ ಮುಖ ನೋಡಿ, ನೀನು ಹೇಳುವಷ್ಟು ಹೇಳಿದೆ, ಇನ್ನು ಅವರ ಹಣೆಬರಹ ಎಂದ. ಒಳ್ಳೆಯ ಮಾತೇ. ಆದರೆ ಮರುದಿನ ನಾನು ಅಂಗಡಿ ತೆಗೆಯುವ ಮೊದಲೇ ಶೇವಂತಿ ಕದದ ಮುಂದೆ ನಿಂತಿದ್ದಳು, ಕಣ್ಣು ಕೆಂಪು ಮಾಡಿಕೊಂಡು. ಜಂಪರ್ ಕೊಡಲು ರಬಕವಿಗೆ ಹೋಗುವುದಿಲ್ಲವೇ, ನಾನೂ ಬರುತ್ತೇನೆ ಎಂದಳು. ಹೆದರುಪುಕ್ಕಲಿ ಎಂದು ನಾನು ಆಡಿಕೊಳ್ಳುತ್ತಿದ್ದವಳು, ಬೈಸಿಕೊಂಡ ಮನೆಗೆ ಕರೆಯದೆ ಹೊರಟಿದ್ದಳು.

ಆಟೋ ಹತ್ತಿದೆವು. ನಾನು ಜಂಪರಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಹಚ್ಚಿ ಮುಗಿಸಿದ್ದರೆ ಏನು ಮಾಡುವುದು ಎಂದು ಯೋಚಿಸುತ್ತಿದ್ದೆ.

ಚಪ್ಪರ ದಾಟಿ, ಹಂಡೆಗಳನ್ನು ದಾಟಿ ಹಿತ್ತಲಿಗೆ ಹೋದೆವು. ತಂಗೆವ್ವ ಮಣೆಯ ಮೇಲೆ ಕೂತಿದ್ದಳು, ಹೆಗಲಿಗೆ ಹಳೆ ಟವೆಲ್ಲು. ಅನಸವ್ವ ಬಟ್ಟಲಲ್ಲಿ ಕಲಸುತ್ತಿದ್ದಳು. ಬಟ್ಟಲೊಳಗಿನ ಕೆನೆಬಣ್ಣ ಆಗಲೇ ಗಾಳಿಗೆ ಕಪ್ಪಾಗತೊಡಗಿತ್ತು. ನಮ್ಮನ್ನು ಕಂಡು ಅನಸವ್ವ ಕುಂಚವನ್ನು ಇನ್ನಷ್ಟು ಬಿಗಿ ಹಿಡಿದಳು. ಶೇವಂತಿ ಅವಳ ಜೊತೆ ವಾದಕ್ಕೆ ಇಳಿಯಲಿಲ್ಲ. ನೇರ ತಂಗೆವ್ವನ ಹಿಂದೆ ಕೂತು, ಕಿವಿಯನ್ನು ಮೆಲ್ಲಗೆ ಮುಂದಕ್ಕೆ ಮಡಚಿದಳು. ರಾತ್ರಿ ಅರಿಶಿನದ ಸ್ನಾನವಾಗಿತ್ತು, ಹಳದಿ ತೆಳುವಾಗಿತ್ತು. ಚುಕ್ಕೆ ಇಟ್ಟ ಜಾಗ ಈಗ ಚುಕ್ಕೆಯಾಗಿ ಉಳಿದಿರಲಿಲ್ಲ. ಹುಣಸೆ ಬೀಜಕ್ಕಿಂತ ದೊಡ್ಡದಾಗಿ ಕೆಂಪಗೆ ಉಬ್ಬಿ, ಸಾಸಿವೆಯಂಥ ನೀರುಗುಳ್ಳೆ ಎದ್ದು, ಒಂದೆರಡು ಒಡೆದು ಜಿನುಗುತ್ತಿದ್ದವು. ಎಡಗಿವಿಯ ಹಿಂದೆ ನುಣ್ಣಗೆ, ಬರೀ ಹಳದಿ.

"ಅನಸವ್ವಕ್ಕ, ಇಲ್ಲಿ ನೋಡ ಬರ್ರಿ," ಎಂದಳು ಶೇವಂತಿ. "ಉಗುರಿನಷ್ಟ ಹಚ್ಚಿದ್ನಿ. ನೀವು ತಲಿ ತುಂಬ ಹಚ್ಚವ್ರದೀರಿ."

ಅನಸವ್ವ ಬಂದು ನೋಡಿದಳು. ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ತಾನೇ ಬಟ್ಟಲೆತ್ತಿ ಮೋರಿಗೆ ಸುರಿದು, ನೀರು ಹೊಯ್ದು, ಕೈಯನ್ನು ಮೂರು ಸಲ ತೊಳೆದುಕೊಂಡಳು.

ತಂಗೆವ್ವ ಅಳತೊಡಗಿದಳು. ಕಿವಿಯ ಉರಿಗಲ್ಲ. ಮತ್ತೆ ಅಜ್ಜಿಯಾಗಿಯೇ ಕೂರಬೇಕಲ್ಲ, ಮಗಳು ಮತ್ತೆ ತಲೆ ತಗ್ಗಿಸುತ್ತಾಳಲ್ಲ ಎಂದು. ಶೇವಂತಿ ಅವಳ ಎದುರು ಕೂತು, ತನ್ನ ತಲೆಯ ಸೆರಗು ಸರಿಸಿ ಬೈತಲೆ ಬಿಡಿಸಿ ತೋರಿಸಿದಳು. ಬುಡದಲ್ಲಿ ಬೆರಳಗಲ ಬಿಳಿ, ಮೇಲೆ ಮಾಸಿದ ಕಂದು, ಸೆರಗಿನಂಚಿಗೆ ಇಳಿದ ಬಣ್ಣದ ಕಲೆ. ಯಾರಿಗೂ ತೋರಿಸದ ತಲೆ ಅದು. "ನನಗೂ ಆಗೂದಿಲ್ರಿ ಅಕ್ಕಾರ. ನಾನೂ ಹಿಂಗ ಮುಚಗೊಂಡ ಅಡ್ಡಾಡತೇನಿ," ಎಂದಳು. ತಂಗೆವ್ವ ಅಳುವುದನ್ನು ನಿಲ್ಲಿಸಿ, ಬಹಳ ಹೊತ್ತು ಆ ತಲೆಯನ್ನೇ ನೋಡಿದಳು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆ ಮನೆಯ ಹಿತ್ತಲಲ್ಲೇ, ಬಾವಿಯ ಪಕ್ಕದಲ್ಲಿ, ಮದರಂಗಿ ಪೊದೆ ಇತ್ತು. ಪ್ರತಿ ಪಂಚಮಿಗೆ ತಂಗೆವ್ವ ಅದರ ಎಲೆಯನ್ನೇ ಅರೆದು ಕೈಗೆ ಹಚ್ಚಿಕೊಳ್ಳುತ್ತಾಳೆ, ಒಮ್ಮೆಯೂ ತುರಿಸಿಲ್ಲ. ಕಾವ್ಯಳ ಕೈಗೆಂದು ಅದೇ ಎಲೆ ಒಣಗಿಸಿ ಕುಟ್ಟಿ, ಬಟ್ಟೆಯಲ್ಲಿ ಸೋಸಿದ ಪುಡಿ ಡಬ್ಬಿಯ ತುಂಬ ಉಳಿದಿತ್ತು. ಶೇವಂತಿ ಅದನ್ನು ಅಂಗೈಗೆ ಹಾಕಿಕೊಂಡು ಮೂಸಿದಳು, ಹುಲ್ಲಿನ ವಾಸನೆ, ಹಸಿರು ಬಣ್ಣ, ಬೇರೇನೂ ಬೆರೆತಿಲ್ಲ. ಇದನ್ನು ಹಚ್ಚುತ್ತೇನೆ, ಆದರೆ ಕಪ್ಪಾಗುವುದಿಲ್ಲ, ಬಿಳಿ ಕೂದಲೆಲ್ಲ ಕೆಂಪಾಗುತ್ತವೆ ಎಂದು ಮೊದಲೇ ಹೇಳಿದಳು. ಇದರ ಮೇಲೆ ನೀಲಿ ಎಲೆಯ ಪುಡಿ ಹಚ್ಚಿದರೆ ಕಪ್ಪಿಗೆ ಹತ್ತಿರ ಬರುತ್ತದೆ ಎಂದು ನನಗೆ ಗೊತ್ತಿತ್ತು, ಬಾಯಿ ಬಿಟ್ಟೆ. ಅದು ಅವರ ಮೈಗೆ ಹೊಸದು, ಪರೀಕ್ಷೆಗೆ ಹೊತ್ತಿಲ್ಲ ಎಂದು ಶೇವಂತಿ ನನ್ನ ಬಾಯಿ ಮುಚ್ಚಿಸಿದಳು.

ಪುಡಿಯನ್ನು ಚಹದ ಡಿಕಾಕ್ಷನ್ನಿನಲ್ಲಿ ಕಲಸಿ ನೆನೆಯಿಟ್ಟರು. ಅಷ್ಟರಲ್ಲಿ ಅನಸವ್ವನೇ ಅತ್ತಿಗೆಯನ್ನು ಡಾಕ್ಟರ ಹತ್ತಿರ ಕರೆದೊಯ್ದು ಮುಲಾಮು, ಗುಳಿಗೆ ತಂದಳು. ಇನ್ನು ಯಾವ ಡೈಯನ್ನೂ, ಕಪ್ಪು ಮೆಹಂದಿಯನ್ನೂ ಮುಟ್ಟಬಾರದು ಎಂದಿದ್ದರು ಡಾಕ್ಟರು. ನೆತ್ತಿ ಚೊಕ್ಕ ಇದೆ, ಬರೀ ಎಲೆಯಾದರೆ ಹಚ್ಚಿರಿ, ಹುಣ್ಣಾದ ಕಿವಿಯ ಕಡೆ ಬೇಡ, ಉರಿ ಬಂದರೆ ಕೂಡಲೇ ತೊಳೆಯಿರಿ ಎಂದೂ ಹೇಳಿ ಕಳಿಸಿದ್ದರು. ಮಧ್ಯಾಹ್ನ ಶೇವಂತಿ ಕಿವಿಯ ಸುತ್ತ ಅಗಲವಾಗಿ ಜಾಗ ಬಿಟ್ಟು ತಲೆಗೆಲ್ಲ ಮೆತ್ತಿದಳು. ಹಚ್ಚಿದ ಮೇಲೂ ಎದುರಿಗೆ ಕೂತು, ಉರಿಯುತ್ತದೆಯೇ, ತುರಿಸುತ್ತದೆಯೇ ಎಂದು ಕೇಳುತ್ತಲೇ ಇದ್ದಳು. ಇಲ್ಲವ್ವ, ತಂಪಾಗಿದೆ ಎಂದು ಹೇಳಿ ಹೇಳಿ ತಂಗೆವ್ವನೇ ಬೇಸತ್ತಳು.

ಸಂಜೆ ತೊಳೆದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಲೆ ಗಜ್ಜರಿಯ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಸುತ್ತ ನಿಂತ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೆಳಗಾಗುವ ಹೊತ್ತಿಗೆ ಗಾಢವಾಗುತ್ತದೆ, ಮದರಂಗಿ ಕೈಯಲ್ಲಿ ಹೇಗೋ ತಲೆಯಲ್ಲೂ ಹಾಗೇ ಎಂದು ಶೇವಂತಿ ಹೇಳಿದಳು. ಹೇಳುವಾಗ ಧೈರ್ಯವಾಗಿಯೇ ಹೇಳಿದಳು. ಆಟೋದಲ್ಲಿ ಬರುವಾಗ ನನ್ನ ಮುಂಗೈ ಹಿಡಿದು, "ಆಗತೈತಲ್ಲಕ್ಕ?" ಎಂದು ಕೇಳಿದಳು. ಕೂದಲಿಗೆ ಬಣ್ಣ ಹಚ್ಚುವವಳು ಅವಳು, ಕೇಳುವುದು ಜಂಪರ್ ಹೊಲಿಯುವ ನನ್ನನ್ನು. ಆಗುತ್ತದೆ ಬಿಡು ಎಂದೆ.

ರವಿವಾರ ನಾವು ಹೋಗುವಷ್ಟರಲ್ಲಿ ಮದುಮಕ್ಕಳಿಗೆ ನೀರೆರೆಯುವ ಸುರಗಿ ಮುಗಿದಿತ್ತು. ಚಪ್ಪರದಲ್ಲಿ ಜನ ಕಿಕ್ಕಿರಿದಿದ್ದರು. ಶೇವಂತಿ ಯಾರಿಗೂ ನಮಸ್ಕಾರ ಮಾಡದೆ ಮೊದಲು ಹುಡುಕಿದ್ದು ತಂಗೆವ್ವನ ಕಣ್ಣುಗಳನ್ನು. ಎರಡೂ ಅಗಲವಾಗಿ ತೆರೆದಿದ್ದವು. ಬಲಗಿವಿ ಮುಲಾಮಿನಿಂದ ಹೊಳೆಯುತ್ತಿತ್ತು, ಬಾತು ಸ್ವಲ್ಪ ಮುಂದೆ ಬಂದಿತ್ತು, ಅಷ್ಟೇ. ಗಜ್ಜರಿ ಬಣ್ಣ ಕಳೆದು ತಲೆ ಇಟ್ಟಂಗಿಯ ಕೆಂಪಿಗೆ ಬಂದಿತ್ತು. ಬಿಸಿಲು ಬಿದ್ದ ಕಡೆ ಎಳೆ ಎಳೆಯಾಗಿ ಮಿನುಗುತ್ತಿತ್ತು. ಕಪ್ಪಲ್ಲ, ಎಷ್ಟು ನೋಡಿದರೂ ಕಪ್ಪಲ್ಲ. ಅವಳ ವಯಸ್ಸನ್ನು ಅದು ಒಂದು ದಿನವೂ ಕಡಿಮೆ ಮಾಡಿರಲಿಲ್ಲ.

ಅಕ್ಕಿಕಾಳು ಹಂಚುತ್ತಿದ್ದರು. ಮುಧೋಳದ ಬೀಗತಿ ಜರಿ ಸೀರೆ ಸರಿಪಡಿಸಿಕೊಳ್ಳುತ್ತ ಬಂದು, ಕಾವ್ಯಳ ಪಕ್ಕದಲ್ಲಿ ನಿಂತಿದ್ದ ತಂಗೆವ್ವನ ತಲೆಯನ್ನು ನೋಡಿದಳು. ಕಾವ್ಯಳ ತಲೆ ಆಗಲೇ ತಗ್ಗತೊಡಗಿತ್ತು.

"ಮದರಂಗಿ ಹಚಗೊಂಡೀರೇನ್ರಿ ಬೀಗತೇರ?" ಎಂದಳು ಅವಳು. "ಆವತ್ತ ನಾ ಖರೇನ ಅಜ್ಜಿ ಅಂದಕೊಂಡಿದ್ನಿ ನೋಡ್ರಿ."

ಹತ್ತಿರವಿದ್ದ ಒಂದಿಬ್ಬರು ನಕ್ಕರು. ತಂಗೆವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ಕೈ ಎತ್ತಿದಳು. ಅವಳ ಕಣ್ಣು ನಮ್ಮ ಕಡೆ ಬಂತು. ಶೇವಂತಿ ಅವತ್ತು ತಿಳಿ ಬಣ್ಣದ ಸೀರೆ ಉಟ್ಟು, ಉಳಿದ ಬಣ್ಣವೂ ಹೋಗುವಂತೆ ಬೆಳಿಗ್ಗೆ ತಿಕ್ಕಿ ಎರೆದುಕೊಂಡ ಬೂದು ತಲೆಯನ್ನು ಮುಚ್ಚದೆ ಬಂದಿದ್ದಳು. ತಂಗೆವ್ವನ ಚಿಂತೆಯಲ್ಲಿ ಬಂದ ನಾನೂ ಆಗಲೇ ಅದನ್ನು ಗಮನಿಸಿದ್ದು. ತಂಗೆವ್ವ ಎತ್ತಿದ ಕೈಯನ್ನು ಕೆಳಗಿಳಿಸಿ, ಮಗಳ ಹೆಗಲ ಮೇಲಿಟ್ಟಳು.

"ತಡಾ ಹಡದೇನ್ರಿ," ಎಂದಳು. "ಆದ್ರ ನಾನ ಹಡದೇನಿ."

ಬೀಗತಿ ತಂಗೆವ್ವನ ಕೈ ಹಿಡಿದುಕೊಂಡಳು. ಕಾವ್ಯ ತಲೆ ಎತ್ತಿದಳು, ಬಾಸಿಂಗ ಓರೆಯಾಗುವಷ್ಟು ಅವಸರದಲ್ಲಿ ಅವ್ವನ ಕಡೆ ತಿರುಗಿದಳು. ಅಷ್ಟರಲ್ಲಿ ಮಂಗಲವಾದ್ಯ ಜೋರಾಯಿತು, ಎಲ್ಲ ಕಡೆಯಿಂದ ಅಕ್ಕಿಕಾಳು ಬಿದ್ದವು. ಶೇವಂತಿ ಮಾತ್ರ ತನ್ನ ಪಾಲಿನ ಕಾಳನ್ನು ಆ ಒರಟು ಬೆರಳುಗಳ ಮುಷ್ಟಿಯಲ್ಲಿ ಹಾಗೇ ಹಿಡಿದುಕೊಂಡು, ಎಸೆಯುವುದನ್ನು ಮರೆತು ನಿಂತಿದ್ದಳು.